ಮುಖವಾಡದ ಹಿಂಬದಿ ಗುಳಿ ಅಂತ ಗೊತ್ತಿದ್ದರೂ ಅದು ಹೊರಕ್ಕೆ ಉಬ್ಬಿದಂತೆ ಕಾಣುವುದೇಕೆ?

ಗಿರೀಶ್_ಬಿ

ಮನುಷ್ಯನ ಮುಖದ ಒಂದು ಪ್ಲಾಸ್ಟಿಕ್ ಮುಖವಾಡ ಇದೆ. ಅದನ್ನು ತಿರುಗಿಸಿ, ಒಳಬದಿ ನನ್ನ ಕಡೆ ಬರುವ ಹಾಗೆ ಕಪಾಟಿನ ಮೇಲೆ ನಿಲ್ಲಿಸಿದೆ. ಮೂಗಿನ ಜಾಗದಲ್ಲಿ ಗುಳಿ ಇದೆ, ಬೆರಳು ಇಟ್ಟರೆ ಒಳಗೆ ಹೋಗುತ್ತದೆ. ಆದರೆ ಸ್ವಲ್ಪ ಹಿಂದೆ ಸರಿದು ನೋಡಿದರೆ ಮಾಮೂಲಿ ಮುಖ. ಮೂಗು ಹೊರಗೆ, ಕೆನ್ನೆ ಹಿಂದೆ. ಪಕ್ಕಕ್ಕೆ ನಡೆದರೆ ಅದು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತದೆ. ಸ್ವಲ್ಪ ಭಯವೂ ಆಗುತ್ತದೆ, ಸುಳ್ಳು ಹೇಳುವುದಿಲ್ಲ.

ಈ ಭ್ರಮೆ ಹಳೆಯದು ಅಂತ ಗೊತ್ತು. ನನ್ನ ಪ್ರಶ್ನೆ ಬೇರೆ. ಒಂದು ಕಣ್ಣು ಮುಚ್ಚಿದಾಗ ಮೋಸ ಹೋದರೆ ಒಪ್ಪಬಹುದು. ಎರಡೂ ಕಣ್ಣು ತೆರೆದಿದ್ದಾಗಲೂ ಯಾಕೆ ಹೀಗೆ? ಯಾವುದು ಹತ್ತಿರ, ಯಾವುದು ದೂರ ಅಂತ ಎರಡು ಕಣ್ಣು ಸೇರಿ ಹೇಳಬೇಕಲ್ವಾ? ಮತ್ತೆ ಅದು ಗುಳಿ ಅಂತ ನನಗೆ ಚೆನ್ನಾಗಿ ಗೊತ್ತಿದೆ, ಆ ತಿಳಿವಳಿಕೆ ಯಾಕೆ ಕೆಲಸಕ್ಕೆ ಬರುತ್ತಿಲ್ಲ?

ರಘು_ಎನ್_ಎಸ್

ಹತ್ತಿರದ್ದು ಒಂಥರಾ, ದೂರದ್ದು ಒಂಥರಾ ಕಾಣುತ್ತಿದೆ ಅಂದರೆ ಪವರ್ ಬದಲಾಗಿರಬಹುದು. ನನಗೂ ಮೆಟ್ಟಿಲು ಇಳಿಯುವಾಗ ಹೀಗೇ ಆಗುತ್ತಿತ್ತು, ಕನ್ನಡಕ ಬದಲಾಯಿಸಿದ ಮೇಲೆ ಸರಿಹೋಯಿತು. ಒಮ್ಮೆ ಕಣ್ಣು ತೋರಿಸಿಬಿಡಿ.

ಗಿರೀಶ್_ಬಿ

ರಘು ಸರ್, ಕಣ್ಣು ಸರಿಯಾಗಿದೆ. ಮನೆಯಲ್ಲಿ ಎಲ್ಲರಿಗೂ ಹಾಗೇ ಕಾಣುತ್ತಿದೆ.

ಸವಿತಾ_ಆರ್

ಇದು ಅಷ್ಟೇನೂ ಕಷ್ಟದ ವಿಷಯ ಅಲ್ಲ. ಎರಡು ಕಣ್ಣುಗಳ ನಡುವೆ ಆರೂವರೆ ಸೆಂಟಿಮೀಟರ್‌ನಷ್ಟು ಅಂತರ ಇದೆ, ಹಾಗಾಗಿ ಎರಡಕ್ಕೂ ಬೀಳುವ ಚಿತ್ರ ಸ್ವಲ್ಪ ಬೇರೆ. ಆ ವ್ಯತ್ಯಾಸದಿಂದ ಮೆದುಳು ಆಳ ಕಂಡುಕೊಳ್ಳುತ್ತದೆ. ವಸ್ತು ದೂರ ಹೋದಷ್ಟೂ ವ್ಯತ್ಯಾಸ ಕಡಿಮೆ ಆಗುತ್ತದೆ. ನೀವು ಹಿಂದೆ ಸರಿದ ಕೂಡಲೇ ಅದು ಗೊತ್ತಾಗದಷ್ಟು ಸಣ್ಣದಾಯಿತು, ಆಗ ಮೆದುಳು ತನಗೆ ತೋಚಿದ್ದನ್ನು ತುಂಬಿಕೊಂಡಿತು. ಹತ್ತಿರ ಹೋದರೆ ಗುಳಿ ಅಂತ ಸರಿಯಾಗಿ ಕಾಣುವುದಕ್ಕೂ ಇದೇ ಕಾರಣ. ಎರಡು ಕಣ್ಣಿನ ಲೆಕ್ಕ ಇಲ್ಲದಿದ್ದರೆ ಆಳವೇ ಇಲ್ಲ, ಅಷ್ಟೇ.

ಹೇಮಾ_ದೃಷ್ಟಿ

ಸವಿತಾ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ದೂರ ಹೆಚ್ಚಾದರೆ ವ್ಯತ್ಯಾಸ ಕುಗ್ಗುತ್ತದೆ, ಅದೂ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಆದರೆ ಗಿರೀಶ್ ನಿಂತಿರುವ ದೂರದಲ್ಲಿ ಅದು ಗೊತ್ತಾಗದಷ್ಟು ಸಣ್ಣದಾಗುತ್ತದೆಯೇ? ಲೆಕ್ಕ ಹಾಕಿ ನೋಡೋಣ, ಇದರ ಸ್ವಾರಸ್ಯ ಇರುವುದೇ ಅಲ್ಲಿ.

```
ವ್ಯತ್ಯಾಸ ≈ (ಕಣ್ಣುಗಳ ಅಂತರ × ಆಳ) ÷ (ದೂರ × ದೂರ)
```

ಲೆಕ್ಕ ಸುಲಭ ಆಗಲಿ ಅಂತ ಕಣ್ಣುಗಳ ಅಂತರ 6 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಮುಖವಾಡದಲ್ಲಿ ಕೆನ್ನೆಯಿಂದ ಮೂಗಿನ ತುದಿಗೆ 5 ಸೆಂ.ಮೀ. ಆಳ. ನೀವು 1 ಮೀಟರ್ ದೂರದಲ್ಲಿದ್ದೀರಿ, ಅಂದರೆ 100 ಸೆಂ.ಮೀ. 30ನ್ನು 10,000ದಿಂದ ಭಾಗಿಸಿದರೆ 0.003 ರೇಡಿಯನ್. ಇದು ಸುಮಾರು 620 ಆರ್ಕ್ ಸೆಕೆಂಡ್ ಆಗುತ್ತದೆ. ಒಂದು ಡಿಗ್ರಿಯಲ್ಲಿ 3600 ಆರ್ಕ್ ಸೆಕೆಂಡ್ ಇರುವುದರಿಂದ ಇದು ತೀರಾ ಚಿಕ್ಕದು ಅನ್ನಿಸುತ್ತದೆ. ಆದರೆ ಕಣ್ಣಿನ ಪರೀಕ್ಷೆಯಲ್ಲಿ ದೊಡ್ಡ ನೊಣದ ಚಿತ್ರ ಇರುವ ಒಂದು ಪುಸ್ತಕ ತೋರಿಸುತ್ತಾರಲ್ವಾ, ವಿಶೇಷ ಕನ್ನಡಕ ಹಾಕಿಸಿ? ಅದರಲ್ಲಿರುವ ಅತಿ ಕಷ್ಟದ ವೃತ್ತ 40 ಆರ್ಕ್ ಸೆಕೆಂಡ್‌ನದು. ಎರಡು ಕಣ್ಣೂ ಚೆನ್ನಾಗಿರುವವರು ಅದನ್ನು ಗುರುತಿಸುತ್ತಾರೆ, ಇನ್ನೂ ಸಣ್ಣದನ್ನೂ ಗುರುತಿಸುವವರಿದ್ದಾರೆ.

ಅಂದರೆ 1 ಮೀಟರ್‌ನಲ್ಲಿ ಸಿಗುವ ಸುಳಿವು ಬೇಕಾದದ್ದಕ್ಕಿಂತ ಹದಿನೈದು ಪಟ್ಟು ದೊಡ್ಡದು. 2 ಮೀಟರ್‌ಗೆ ಹೋದರೆ ನಾಲ್ಕನೇ ಒಂದಾಗಿ ಸುಮಾರು 155. 3 ಮೀಟರ್‌ನಲ್ಲೂ 69 ಉಳಿಯುತ್ತದೆ. 40ಕ್ಕೆ ಇಳಿಯಬೇಕಾದರೆ ನೀವು ಹತ್ತಿರ ಹತ್ತಿರ 4 ಮೀಟರ್ ಹಿಂದೆ ಹೋಗಬೇಕು. ಆದರೆ ಭ್ರಮೆ ಅಷ್ಟು ದೂರ ಕಾಯುವುದಿಲ್ಲ, ಒಂದೆರಡು ಮೀಟರ್‌ನಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ.

ಹಾಗಾಗಿ ಮಾಹಿತಿ ಸಿಗದೆ ಮೆದುಳು ಮೋಸ ಹೋಯಿತು ಅನ್ನುವ ಹಾಗಿಲ್ಲ. ಮಾಹಿತಿ ಕಣ್ಣಿಗೆ ಬಂದಿದೆ, ಸಾಕಷ್ಟು ಬಂದಿದೆ. ಮೆದುಳು ಅದನ್ನು ನೋಡಿಯೂ ತಳ್ಳಿಹಾಕಿದೆ.

ಸವಿತಾ_ಆರ್

ಲೆಕ್ಕ ಒಪ್ಪಿದೆ. ಆದರೆ ಪರೀಕ್ಷೆಯ ವೃತ್ತಕ್ಕೆ ಕಪ್ಪು ಗೆರೆ ಇರುತ್ತದೆ. ಮುಖವಾಡದ ಒಳಗೆ ನುಣುಪಾದ ಪ್ಲಾಸ್ಟಿಕ್. ಎಡಗಣ್ಣಿನ ಯಾವ ಚುಕ್ಕೆ ಬಲಗಣ್ಣಿನ ಯಾವ ಚುಕ್ಕೆಗೆ ಸೇರಬೇಕು ಅಂತ ಹುಡುಕಲು ಅಲ್ಲಿ ಏನಿದೆ? ಕಾಗದದ ಮೇಲೆ 620 ಇರಬಹುದು, ಮೆದುಳಿಗೆ ಅಷ್ಟು ತಲುಪುತ್ತದೆ ಅಂತ ಹೇಗೆ ಹೇಳುತ್ತೀರಿ?

ಹೇಮಾ_ದೃಷ್ಟಿ

ಒಳ್ಳೆಯ ಪ್ರಶ್ನೆ. ನುಣುಪಾದ ಮೇಲ್ಮೈಯಲ್ಲಿ ಎರಡು ಕಣ್ಣಿನ ಸುಳಿವು ನಾನು ಹಾಕಿದ ಲೆಕ್ಕಕ್ಕಿಂತ ಸೋತೇ ಇರುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ಮಾರ್ಕರ್ ಪೆನ್ನಿನಿಂದ ಮುಖವಾಡದ ಒಳಗೆಲ್ಲ ಅಡ್ಡಾದಿಡ್ಡಿ ಚುಕ್ಕೆ ಇಡಿ. ನಿಮ್ಮ ಮಾತು ಸರಿಯಾದರೆ ಭ್ರಮೆ ಒಡೆಯುವ ದೂರ ಜಾಸ್ತಿ ಆಗಬೇಕು, ಅಂದರೆ ಮೊದಲಿಗಿಂತ ದೂರದಿಂದಲೇ ಗುಳಿ ಕಾಣಬೇಕು. ಆದರೆ ಚುಕ್ಕೆ ಇಟ್ಟ ಮಾತ್ರಕ್ಕೆ ಭ್ರಮೆ ಪೂರ್ತಿ ಹೋಗಿಬಿಡುತ್ತದೆ ಅಂತ ಅಂದುಕೊಳ್ಳಬೇಡಿ.

ಒಂದು ವಿಷಯಕ್ಕೆ ಮಾತ್ರ ನನ್ನ ಆಕ್ಷೇಪ ಇದೆ. ಎರಡು ಕಣ್ಣಿನ ಲೆಕ್ಕ ಇಲ್ಲದಿದ್ದರೆ ಆಳವೇ ಇಲ್ಲ ಅಂದಿರಿ. ಒಂದು ಕಣ್ಣು ಮುಚ್ಚಿಕೊಂಡು ಕೋಣೆಯಲ್ಲಿ ಓಡಾಡಿ, ಕೋಣೆ ಚಪ್ಪಟೆ ಆಗುವುದಿಲ್ಲ. ಮುಂದಿನದು ಹಿಂದಿನದನ್ನು ಮರೆಮಾಡುತ್ತದೆ, ನೆರಳು ಬೀಳುತ್ತದೆ, ತಲೆ ಆಡಿಸಿದರೆ ಹತ್ತಿರದ್ದು ಬೇಗ ಸರಿಯುತ್ತದೆ. ಇವೆಲ್ಲ ಒಂದೇ ಕಣ್ಣಿಗೆ ಸಿಗುವ ಸುಳಿವುಗಳು. ಇನ್ನೊಂದು ಕಡೆ, ಬೇಲಾ ಯೂಲೆಸ್ 1960ರಲ್ಲಿ ಬರೀ ಅಡ್ಡಾದಿಡ್ಡಿ ಚುಕ್ಕೆಗಳ ಜೋಡಿ ಚಿತ್ರ ಮಾಡಿ ತೋರಿಸಿದರು. ಒಂದೊಂದನ್ನೇ ನೋಡಿದರೆ ಅಲ್ಲಿ ಏನೂ ಇಲ್ಲ. ಎರಡು ಕಣ್ಣಿಗೆ ಒಂದೊಂದು ಕೊಟ್ಟರೆ ನಡುವಿನ ಚೌಕ ಎದ್ದು ನಿಲ್ಲುತ್ತದೆ. ಅಂದರೆ ವಸ್ತು ಏನು ಅಂತ ಗುರುತಿಸದೆಯೂ ಎರಡು ಕಣ್ಣಿನ ಆಳ ಸಿಗುತ್ತದೆ. ಎರಡು ದಾರಿಗಳೂ ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ. ಎರಡೂ ವಿರುದ್ಧ ಉತ್ತರ ಕೊಟ್ಟಾಗ ಯಾವುದು ಗೆಲ್ಲುತ್ತದೆ ಅನ್ನುವುದನ್ನು ಈ ಮುಖವಾಡ ತೋರಿಸುತ್ತದೆ.

ನಾಗರಾಜ_ಒಂಟಿಕಣ್ಣು

ಹೆಸರು ನೋಡಿ ನಗಬೇಡಿ, ನಾನೇ ಇಟ್ಟುಕೊಂಡಿದ್ದು. ಚಿಕ್ಕಂದಿನಿಂದ ನನಗೆ ಮೆಳ್ಳೆಗಣ್ಣು. ಎಡಗಣ್ಣು ಇದ್ದೂ ಇಲ್ಲದ ಹಾಗೆ. ನೊಣದ ಪುಸ್ತಕದಲ್ಲಿ ನೊಣದ ರೆಕ್ಕೆ ಹಿಡಿಯಿರಿ ಅಂತಾರೆ, ನಾನು ಕಾಗದ ಮುಟ್ಟುತ್ತೇನೆ. ನನಗೆ ಅದು ಫೋಟೋ, ಅಷ್ಟೇ. ತ್ರೀಡಿ ಸಿನಿಮಾಕ್ಕೂ ಕರೆಯಬೇಡಿ ಅಂತ ಸ್ನೇಹಿತರಿಗೆ ಹೇಳಿಬಿಟ್ಟಿದ್ದೇನೆ.

ಆದರೆ ಗಾಡಿ ಓಡಿಸುತ್ತೇನೆ, ಸೂಜಿಗೆ ದಾರ ಹಾಕುತ್ತೇನೆ, ಸ್ವಲ್ಪ ನಿಧಾನ ಆಗುತ್ತದೆ. ಎಸೆದ ಚೆಂಡು ಹಿಡಿಯಲು ಮಾತ್ರ ಆಗುವುದಿಲ್ಲ.

ಗಿರೀಶ್ ಬರೆದದ್ದು ಓದಿ ನಾನೂ ಒಂದು ಮುಖವಾಡ ತಿರುಗಿಸಿ ನೋಡಿದೆ. ನನಗೆ ಅದು ಕೈಗೆ ಎಟುಕುವಷ್ಟು ಹತ್ತಿರದಲ್ಲೂ ಉಬ್ಬಿದ ಮುಖವೇ. ಹೆಂಡತಿ ಪಕ್ಕದಲ್ಲೇ ನಿಂತು ಗುಳಿ ಗುಳಿ ಅನ್ನುತ್ತಾಳೆ, ನನಗೆ ಮೂಗು ಕಾಣುತ್ತಿದೆ. ಅಂಚನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಮಾತ್ರ ಒಮ್ಮೆ ಪಟ್ಟನೆ ಗುಳಿ ಆಯಿತು, ಕೈ ಬಿಟ್ಟರೆ ಮತ್ತೆ ಮುಖ.

ಹೇಮಾ_ದೃಷ್ಟಿ

ನಾಗರಾಜ್ ಅವರೇ, ಇದಕ್ಕಿಂತ ಚೆಂದದ ಹೋಲಿಕೆ ಬೇಕಿಲ್ಲ. ನಿಮ್ಮ ಮನೆಯವರಿಗೆ ಹತ್ತಿರದಲ್ಲಿ ಎರಡು ಕಣ್ಣಿನ ಸುಳಿವು ತುಂಬಾ ಜೋರಾಗಿ ಸಿಗುತ್ತದೆ. ಅರ್ಧ ಮೀಟರ್‌ಗೆ ಬಂದರೆ ಅದು ಸುಮಾರು 2,500 ಆರ್ಕ್ ಸೆಕೆಂಡ್, ಆಗ ಮೆದುಳು ಸೋಲುತ್ತದೆ. ನಿಮಗೆ ಆ ಸುಳಿವೇ ಇಲ್ಲ, ಹಾಗಾಗಿ ಮುಖ ಅಂದರೆ ಉಬ್ಬು ಅನ್ನುವ ಊಹೆಗೆ ಎದುರಾಳಿಯೇ ಇಲ್ಲ.

ಕಿರಣ್_ಚಿತ್ರ

ತಿರುಗಿ ನೋಡುತ್ತದೆ ಅನ್ನುವುದಕ್ಕೆ ಇಷ್ಟೆಲ್ಲ ವಿಜ್ಞಾನ ಬೇಕಾ ಗುರು? ಗೋಡೆ ಮೇಲಿನ ಫೋಟೋಗಳೂ ಹಾಗೇ ಅಲ್ವಾ. ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತವೆ. ಕಣ್ಣಿನ ಗುಡ್ಡೆ ನೇರಕ್ಕೆ ಬರೆದರೆ ಮುಗಿಯಿತು, ನಾನು ಭಾವಚಿತ್ರ ಬರೆಯುವವನು, ದಿನಾ ನೋಡುತ್ತೇನೆ.

ಹೇಮಾ_ದೃಷ್ಟಿ

ಎರಡಕ್ಕೂ ನಂಟಿದೆ ಕಿರಣ್, ಆದರೆ ಎರಡೂ ಒಂದೇ ಅಲ್ಲ. ಮುಖವಾಡದಲ್ಲಿ ಕಣ್ಣಿನ ಜಾಗ ಕತ್ತರಿಸಿ ತೆಗೆದರೂ ಅದು ತಿರುಗುತ್ತದೆ. ಚಿತ್ರದಲ್ಲಿ ನೋಟ ನಿಮ್ಮ ಜೊತೆ ಬರುತ್ತದೆ. ಮುಖವಾಡದಲ್ಲಿ ಇಡೀ ತಲೆ ತಿರುಗುತ್ತದೆ, ಅದೂ ನಿಮಗಿಂತ ಜಾಸ್ತಿ.

ನಿಧಾನವಾಗಿ ಯೋಚಿಸಿ. ನೀವು ಬಲಕ್ಕೆ ಸರಿದರೆ ಹತ್ತಿರದ ವಸ್ತು ದೂರದ್ದಕ್ಕೆ ಹೋಲಿಸಿದರೆ ಎಡಕ್ಕೆ ಸರಿದಂತೆ ಕಾಣುತ್ತದೆ. ಮಾಮೂಲಿ ಮುಖದಲ್ಲಿ ಮೂಗು ಹತ್ತಿರ, ಕಿವಿ ದೂರ. ಹಾಗಾಗಿ ಮೂಗು ಎಡಕ್ಕೆ ಸರಿಯುತ್ತದೆ, ನೀವು ಆ ಮುಖದ ಒಂದು ಪಕ್ಕವನ್ನು ನೋಡತೊಡಗುತ್ತೀರಿ. ಟೊಳ್ಳು ಮುಖವಾಡದಲ್ಲಿ ಮೂಗೇ ದೂರ. ಅದು ಬಲಕ್ಕೆ ಸರಿಯುತ್ತದೆ, ಅಂದರೆ ನೀವು ಹೋದ ಕಡೆಗೇ. ಮೂಗು ಹತ್ತಿರ ಇದೆ ಅಂತ ಮೆದುಳು ಆಗಲೇ ತೀರ್ಮಾನ ಮಾಡಿಬಿಟ್ಟಿದೆ. ಹತ್ತಿರದ ಮೂಗು ಬಲಕ್ಕೆ ಸರಿಯಬೇಕಾದರೆ ಒಂದೇ ದಾರಿ, ಆ ಮುಖ ನಿಜವಾಗಿಯೂ ಬಲಕ್ಕೆ ತಿರುಗಿರಬೇಕು. ಹಾಗಾಗಿ ತಿರುಗಿಸಿ ತೋರಿಸುತ್ತದೆ. ಒಂದು ತಪ್ಪು ಉತ್ತರವನ್ನು ಉಳಿಸಿಕೊಳ್ಳಲು ಇಲ್ಲದ ಚಲನೆಯನ್ನೇ ಹುಟ್ಟಿಸುತ್ತದೆ.

ಎಷ್ಟು ತಿರುಗುತ್ತದೆ? ಮುಖವಾಡದ ಸುತ್ತ ನೀವು 20 ಡಿಗ್ರಿ ನಡೆದಿರಿ ಅನ್ನೋಣ. ನಿಜವಾದ ಉಬ್ಬು ಮುಖ ಅಲ್ಲಾಡುವುದಿಲ್ಲ, ಸೊನ್ನೆ. ಚಪ್ಪಟೆ ಚಿತ್ರದಲ್ಲಿ ಮೂಗು ಕಿವಿಗಳ ನಡುವೆ ಯಾವ ಸರಿದಾಟವೂ ಇಲ್ಲ, ಹಾಗಾಗಿ ಅದು ನಿಮ್ಮ ಜೊತೆ 20 ಡಿಗ್ರಿಯೇ ಬಂದಂತೆ ಆಗುತ್ತದೆ. ಟೊಳ್ಳು ಮುಖದಲ್ಲಿ ಸರಿದಾಟ ಪೂರ್ತಿ ಉಲ್ಟಾ ಆಗಿರುವುದರಿಂದ ಅದು 40 ಡಿಗ್ರಿ ತಿರುಗಿದಂತೆ ಕಾಣಬೇಕು. ನಿಮ್ಮನ್ನು ದಾಟಿ ಆಚೆ ನೋಡಬೇಕು. ಇದು ಲೆಕ್ಕದ ಮಾತು, ಸ್ವಲ್ಪ ದೂರದಿಂದ ನೋಡಿದಾಗ ಹೊಂದುತ್ತದೆ. ಉಬ್ಬು ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ಕಡಿಮೆ ಆಗಬಹುದು.

ಕಿರಣ್_ಚಿತ್ರ

ಸರಿ, ಪಕ್ಕದಲ್ಲಿ ಒಂದು ಫೋಟೋ ಇಟ್ಟು ಎರಡರ ಮುಂದೆಯೂ ನಡೆದು ನೋಡಿದೆ. ಫೋಟೋ ಸುಮ್ನೆ ನೋಡುತ್ತಾ ಇರುತ್ತದೆ. ಮುಖವಾಡ ಮಾತ್ರ ನಿಜಕ್ಕೂ ನನಗಿಂತ ಮುಂದೆ ಹೋಗುತ್ತದೆ. ಆದರೂ ಫೋಟೋದ ಕಣ್ಣಿನ ವಿಷಯ ನಾನು ಹೇಳಿದ್ದೇ ಸರಿ 😄

ಪ್ರಮೋದ್_ಕೆ_ವಿ

ಹೇಮಾ ಮೇಡಂ, ಇಲ್ಲಿ ಎಲ್ಲರೂ ಊಹೆ ಊಹೆ ಅನ್ನುತ್ತಿದ್ದೀರಿ. ಮೆದುಳಿಗೆ ಮುಖ ಗೊತ್ತು, ಹಾಗಾಗಿ ಉಬ್ಬಿಸಿತು ಅನ್ನುವುದು ಕೇಳಲು ಚೆಂದ. ಆದರೆ ಆ ಊಹೆ ಮುಖದ ಬಗ್ಗೆಯೇ ಅಂತ ಹೇಗೆ ಗೊತ್ತು? ಬೆಳಕಿನ ಬಗ್ಗೆ ಇರಬಹುದು. ಎಲ್ಲ ವಸ್ತುಗಳೂ ಉಬ್ಬೇ ಅನ್ನುವ ಸಾಮಾನ್ಯ ಊಹೆಯೂ ಇರಬಹುದು. ಮೂರನ್ನೂ ಬೇರೆ ಮಾಡದೆ ಒಂದನ್ನು ಆರಿಸಿಕೊಂಡರೆ ಅದು ಕಥೆ, ವಿವರಣೆ ಅಲ್ಲ.

ಹೇಮಾ_ದೃಷ್ಟಿ

ಸರಿಯಾಗಿ ಹಿಡಿದಿರಿ. ಬೆಳಕಿನಿಂದ ಶುರು ಮಾಡೋಣ. ಬೆಳಕು ಮೇಲಿನಿಂದ ಬರುತ್ತದೆ ಅನ್ನುವುದು ಮೆದುಳಿನ ಹಳೆಯ ನಂಬಿಕೆ. ಮೇಲೆ ಬಿಳಿ, ಕೆಳಗೆ ಕಪ್ಪಾದ ವೃತ್ತ ಬರೆದರೆ ಗುಳ್ಳೆಯ ಹಾಗೆ ಉಬ್ಬಿ ಕಾಣುತ್ತದೆ, ಅದನ್ನೇ ತಲೆಕೆಳಗು ಮಾಡಿದರೆ ಗುಳಿ. ವಿಲಯನೂರು ರಾಮಚಂದ್ರನ್ 1988ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಈಗ ಟೊಳ್ಳು ಮುಖವಾಡಕ್ಕೆ ಮೇಲಿನಿಂದ ಬೆಳಕು ಬಿಟ್ಟರೆ ನೆರಳುಗಳು ಉಲ್ಟಾ ಬೀಳುತ್ತವೆ. ಅದನ್ನು ಉಬ್ಬು ಮುಖ ಅಂತ ನೋಡಬೇಕಾದರೆ ಬೆಳಕು ಕೆಳಗಿನಿಂದ ಬಂದಿದೆ ಅಂತ ಒಪ್ಪಬೇಕಾಗುತ್ತದೆ. ಅಂದರೆ ಮಾಮೂಲಿ ದೀಪದ ಕೆಳಗೆ ಬೆಳಕಿನ ಊಹೆ ಈ ಭ್ರಮೆಯ ವಿರುದ್ಧ ನಿಲ್ಲುತ್ತದೆ. ಗಿರೀಶ್, ಟಾರ್ಚನ್ನು ಗಲ್ಲದ ಕೆಳಗಿನಿಂದ ಬಿಡಿ. ಆಗ ಬೆಳಕೂ ಭ್ರಮೆಯ ಕಡೆ ಸೇರುತ್ತದೆ, ಇನ್ನೂ ಹತ್ತಿರದವರೆಗೆ ಉಬ್ಬು ಉಳಿಯಬೇಕು.

ಇನ್ನು ಮುಖದ ಊಹೆಯೋ, ಉಬ್ಬಿನ ಊಹೆಯೋ ಅನ್ನುವುದು. ಹೆರಾಲ್ಡ್ ಹಿಲ್ ಮತ್ತು ವಿಕಿ ಬ್ರೂಸ್ 1990ರ ದಶಕದ ಮೊದಲಲ್ಲಿ ಇದನ್ನೇ ಬಿಡಿಸಿ ನೋಡಿದರು. ಮುಖವಾಡವನ್ನು ತಲೆಕೆಳಗು ಮಾಡಿದರು. ತಲೆಕೆಳಗಾದ ಮುಖವನ್ನು ಗುರುತಿಸುವುದು ನಮಗೆ ಕಷ್ಟ, ಆದರೆ ಅದರ ಏರು ತಗ್ಗು ಹಾಗೇ ಇರುತ್ತದೆ. ಭ್ರಮೆ ಕಡಿಮೆ ಆಯಿತು, ಆದರೆ ಮಾಯ ಆಗಲಿಲ್ಲ. ಟೊಳ್ಳು ಆಲೂಗಡ್ಡೆಯ ಅಚ್ಚನ್ನೂ ಹೋಲಿಸಿ ನೋಡಿದರು. ಅದೂ ಉಬ್ಬಿದಂತೆ ಕಾಣುತ್ತದೆ, ಆದರೆ ನೇರ ಮುಖದಷ್ಟು ಬಲವಾಗಿ ಅಲ್ಲ. ಅಂದರೆ ನೀವು ಹೇಳಿದ ಸಾಮಾನ್ಯ ಊಹೆಯೂ ಇದೆ, ಅದರ ಮೇಲೆ ಮುಖದ ಊಹೆಯೂ ಕೂತಿದೆ. ಎರಡರಲ್ಲಿ ಯಾವುದರ ಪಾಲು ಎಷ್ಟು ಅನ್ನುವುದು ಮುಖವಾಡ, ಬೆಳಕು, ದೂರಕ್ಕೆ ತಕ್ಕಂತೆ ಬದಲಾಗುತ್ತದೆ.

ಪ್ರಮೋದ್_ಕೆ_ವಿ

ಆಲೂಗಡ್ಡೆ ಒಪ್ಪಿದೆ. ತಲೆಕೆಳಗಿನದ್ದು ಅಷ್ಟು ಒಪ್ಪಿಲ್ಲ. ತಲೆಕೆಳಗು ಮಾಡಿದರೆ ಹುಬ್ಬು, ಮೂಗು, ಗಲ್ಲಕ್ಕೆ ಬೆಳಕು ಬೀಳುವ ರೀತಿಯೂ ಬದಲಾಗುತ್ತದಲ್ಲ.

ಹೇಮಾ_ದೃಷ್ಟಿ

ಹೌದು, ಅದಕ್ಕೇ ಅವರು ದೀಪವನ್ನೂ ಮೇಲೆ ಕೆಳಗೆ ಬದಲಿಸಿ ಅಳೆದರು. ಬೆಳಕಿನ ಪರಿಣಾಮ ಬೇರೆ, ತಲೆಕೆಳಗಿನ ಪರಿಣಾಮ ಬೇರೆ, ಎರಡು ಕಣ್ಣಿನದು ಬೇರೆ ಅಂತ ಬಂತು. ಮೂರೂ ತಮ್ಮ ತಮ್ಮ ತೂಕ ಹಾಕುತ್ತವೆ.

ಒಂದು ಕಾಗದದಲ್ಲೂ ಈ ತೂಕದ ವಿಷಯ ನೋಡಬಹುದು, ಮುಖವಾಡ ಬೇಕಿಲ್ಲ. ವಿಸಿಟಿಂಗ್ ಕಾರ್ಡ್ ಒಂದನ್ನು ನಡುವೆ ಮಡಿಸಿ, ಬೆನ್ನು ಮೇಲೆ ಬರುವಂತೆ ಡೇರೆಯ ಥರ ಮೇಜಿನ ಮೇಲಿಡಿ. ಒಂದು ಬದಿಗೆ ಬೆಳಕು ಬೀಳಲಿ. ಒಂದು ಕಣ್ಣು ಮುಚ್ಚಿ, ಮೇಲಿನಿಂದ ಓರೆಯಾಗಿ ನೋಡುತ್ತಾ ತಲೆ ಅಲ್ಲಾಡಿಸದೆ ಕಾಯಿರಿ. ಸ್ವಲ್ಪ ಹೊತ್ತಿಗೆ ಕಾರ್ಡು ಮಗುಚಿಕೊಂಡು ನೆಟ್ಟಗೆ ನಿಂತ ತೆರೆದ ಪುಸ್ತಕದ ಹಾಗೆ ಕಾಣುತ್ತದೆ. ಇದು ಅರ್ನ್ಸ್ಟ್ ಮಾಖ್ ಹೆಸರಿನ ಕಾರ್ಡು. ಮಗುಚಿದ ಕ್ಷಣದಲ್ಲಿ ಬಣ್ಣವನ್ನು ಗಮನಿಸಿ. ನೆರಳಲ್ಲಿದ್ದ ಬದಿ ಇದ್ದಕ್ಕಿದ್ದಂತೆ ಬೂದು ಬಣ್ಣ ಬಳಿದ ಹಾಗೆ, ಬೆಳಕಿನ ಬದಿ ತಾನೇ ಹೊಳೆಯುತ್ತಿರುವ ಹಾಗೆ ಕಾಣುತ್ತದೆ. ಕಣ್ಣಿಗೆ ಬೀಳುವ ಬೆಳಕು ಒಂದಿಷ್ಟೂ ಬದಲಾಗಿಲ್ಲ. ಆಕಾರದ ತೀರ್ಮಾನ ಬದಲಾದ ಕೂಡಲೇ ಇದು ನೆರಳೋ ಬಣ್ಣವೋ ಅನ್ನುವ ತೀರ್ಮಾನವೂ ಬದಲಾಯಿತು.

ಈಗ ಇನ್ನೊಂದು ಕಣ್ಣು ತೆರೆಯಿರಿ. ಕಾರ್ಡು ತಕ್ಷಣ ಸರಿಯಾಗಿಬಿಡುತ್ತದೆ. ಮುಖವಾಡ ಸರಿಯಾಗುವುದಿಲ್ಲ. ಮಡಿಸಿದ ಕಾರ್ಡು ಹೇಗಿರಬೇಕು ಅಂತ ಮೆದುಳಿಗೆ ದೊಡ್ಡ ಹಟ ಇಲ್ಲ, ಎರಡೂ ಕಣ್ಣಿನ ಮಾತು ಕೇಳುತ್ತದೆ. ಒಳಕ್ಕೆ ಬಿದ್ದ ಮುಖವನ್ನು ಮಾತ್ರ ಅದು ನೋಡಿದ್ದೇ ಇಲ್ಲ.

ಸವಿತಾ_ಆರ್

ಕಾರ್ಡು ಆಯಿತು! ತುಂಬಾ ಹೊತ್ತು ಏನೂ ಆಗಲಿಲ್ಲ, ಮಗುಚಿದ ಮೇಲೆ ಹೊಳೆದದ್ದು ನೋಡಿ ಬೆಚ್ಚಿಬಿದ್ದೆ. ತಲೆ ಆಡಿಸಿದರೆ ಕಾರ್ಡೂ ಮೇಜಿನ ಮೇಲೆ ಓಲಾಡುತ್ತದೆ, ಮುಖವಾಡದ ಥರವೇ. ಮುಖವಾಡಕ್ಕೆ ಚುಕ್ಕೆ ಇಟ್ಟು ಗಿರೀಶ್ ನೋಡಲಿ, ನನ್ನ ಹತ್ತಿರ ಮುಖವಾಡ ಇಲ್ಲ.

ಅನುಷಾ_ಪಿ

ನನ್ನದು ಬೇರೆ ಸಮಸ್ಯೆ. ನಾನು ಮನೆಯಲ್ಲಿ ಮಾಡಿ ನೋಡಿದೆ, ನನಗೆ ಗುಳಿಯೇ ಕಾಣುತ್ತದೆ. ಸ್ಕಿಜೋಫ್ರೇನಿಯಾ ಇರುವವರಿಗೆ ಈ ಭ್ರಮೆ ಆಗುವುದಿಲ್ಲ ಅಂತ ಎಲ್ಲೋ ಓದಿದ್ದೆ. ರಾತ್ರಿಯಿಂದ ಅದೇ ತಲೆಯಲ್ಲಿದೆ. ನಗಬೇಡಿ ದಯವಿಟ್ಟು.

ಹೇಮಾ_ದೃಷ್ಟಿ

ಅನುಷಾ, ಯಾರೂ ನಗುವುದಿಲ್ಲ. ಸಂಶೋಧನೆ ಇರುವುದು ನಿಜ. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇರುವವರು ಟೊಳ್ಳು ಮುಖವನ್ನು ಟೊಳ್ಳು ಅಂತಲೇ ನೋಡುವುದು ಜಾಸ್ತಿ ಅಂತ ಕಂಡುಬಂತು. ಅವರಲ್ಲಿ ಊಹೆಯ ತೂಕ ಕಡಿಮೆ, ಕಣ್ಣಿನಿಂದ ಬರುವ ಮಾಹಿತಿಯ ತೂಕ ಜಾಸ್ತಿ ಇರಬಹುದು ಅನ್ನುವುದು ಅವರ ವಿವರಣೆ. ಆದರೆ ಅದು ಗುಂಪುಗಳ ಹೋಲಿಕೆ. ಅದನ್ನು ತಿರುಗಿಸಿ, ಗುಳಿ ಕಂಡವರಿಗೆಲ್ಲ ಕಾಯಿಲೆ ಇದೆ ಅನ್ನಲು ಬರುವುದಿಲ್ಲ. ಇದು ರೋಗ ಪತ್ತೆ ಮಾಡುವ ಪರೀಕ್ಷೆ ಅಲ್ಲವೇ ಅಲ್ಲ.

ಗುಳಿ ಕಾಣಲು ಸಾದಾ ಕಾರಣಗಳೇ ಬೇಕಾದಷ್ಟಿವೆ. ಎಷ್ಟು ದೂರದಲ್ಲಿ ನಿಂತಿದ್ದಿರಿ? ದೀಪ ಎಲ್ಲಿತ್ತು? ಮುಖವಾಡದ ಅಂಚು ಎದ್ದು ಕಾಣುತ್ತಿತ್ತಾ?

ಅನುಷಾ_ಪಿ

ಕೈಯಲ್ಲಿ ಹಿಡಿದು ನೋಡಿದೆ. ಮಕ್ಕಳ ಮುಖವಾಡ, ಹುಲಿಯದು. ದೀಪ ತಲೆ ಮೇಲೆ.

ನಾಗರಾಜ_ಒಂಟಿಕಣ್ಣು

ಕೈಯಲ್ಲಿ ಹಿಡಿದರೆ ನನಗೇ ಗುಳಿ ಆಯಿತಲ್ಲ ತಾಯಿ! ಗೋಡೆಗೆ ಒರಗಿಸಿ ಕೋಣೆಯ ಆಚೆ ಬದಿಗೆ ಹೋಗಿ ನೋಡಿ.

ಹೇಮಾ_ದೃಷ್ಟಿ

ನಾಗರಾಜ್ ಹೇಳಿದ ಹಾಗೆ ಮಾಡಿ. ಕೈಗೆಟುಕುವ ದೂರದಲ್ಲಿ ಎರಡು ಕಣ್ಣಿನ ಸುಳಿವೇ ಗೆಲ್ಲುತ್ತದೆ. ಹುಲಿಯ ಮುಖ ನಮಗೆ ಮನುಷ್ಯನ ಮುಖದಷ್ಟು ರೂಢಿಯಲ್ಲ. ತಲೆ ಮೇಲಿನ ದೀಪವೂ ಭ್ರಮೆಯ ವಿರುದ್ಧ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ, ಬೆಳಕು ಕೆಳಗಿನಿಂದ ಬಿಡಿ. ಕಂಡ ಮೇಲೆ ಕಣ್ಣು ತೆರೆದು ಉಳಿಯುತ್ತದಾ ನೋಡಿ. ಮನಸ್ಸಿಗೆ ಬೇರೆ ಕಾರಣಕ್ಕೆ ಚಿಂತೆ ಇದ್ದರೆ ವೈದ್ಯರ ಹತ್ತಿರ ಮಾತಾಡಿ, ಆದರೆ ಮುಖವಾಡದ ಕಾರಣಕ್ಕೆ ಬೇಡ.

ಅನುಷಾ_ಪಿ

ಕಂಡಿತು. ಒಂದು ಕಣ್ಣಿಗೆ ಹುಲಿ ಉಬ್ಬಿತು, ಎರಡನೆಯದು ತೆರೆದರೆ ಒಮ್ಮೆ ಉಳಿಯುತ್ತದೆ, ಒಮ್ಮೆ ಹೋಗುತ್ತದೆ. ಥ್ಯಾಂಕ್ಸ್.

ಗಿರೀಶ್_ಬಿ

ಟಾರ್ಚ್ ಕೆಳಗಿನಿಂದ ಬಿಟ್ಟೆ, ಭ್ರಮೆ ಗಟ್ಟಿಯಾಯಿತು. ಮೂತಿ ಹತ್ತಿರ ಮೂತಿ ಇಟ್ಟರೂ ಒಡೆಯಲು ತಡ ಮಾಡುತ್ತದೆ. ಚುಕ್ಕೆಯೂ ಇಟ್ಟೆ. ಸವಿತಾ ಅವರಿಗೆ ಖುಷಿ ಆಗಬಹುದು, ಚುಕ್ಕೆ ಇಟ್ಟ ಮೇಲೆ ಬೇಗ ಒಡೆಯುತ್ತದೆ. ಆದರೆ ಕೋಣೆಯ ಆ ತುದಿಗೆ ಹೋದರೆ ಚುಕ್ಕೆ ಇರುವ ಮುಖ ಉಬ್ಬಿಕೊಂಡು ನಿಲ್ಲುತ್ತದೆ, ಸಿಡುಬು ಬಂದವನ ಥರ. ಇನ್ನೊಂದು ಗಮನಿಸಿದ್ದು: ಹತ್ತಿರ ಬರುವಾಗ ಒಡೆಯುವ ದೂರ ಒಂದು, ಹಿಂದೆ ಹೋಗುವಾಗ ಮತ್ತೆ ಕೂಡುವ ದೂರ ಇನ್ನೊಂದು. ಹಿಂದೆ ಹೋಗುವಾಗ ಗುಳಿ ಜಾಸ್ತಿ ದೂರದವರೆಗೆ ಉಳಿಯುತ್ತದೆ.

ನನ್ನ ಎರಡನೇ ಪ್ರಶ್ನೆಗೆ ಉತ್ತರ ಬರಲಿಲ್ಲ. ನನಗೆ ಗೊತ್ತಿದೆಯಲ್ಲ ಅದು ಗುಳಿ ಅಂತ?

ಹೇಮಾ_ದೃಷ್ಟಿ

ನಿಮಗೆ ಗೊತ್ತಿದೆ, ಆದರೆ ಆ ಗೊತ್ತಿರುವುದಕ್ಕೆ ಆಕಾರ ಕಟ್ಟುವ ಕೆಲಸದೊಳಗೆ ಪ್ರವೇಶ ಇಲ್ಲ. ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದರು, ನೋಡುವುದು ನಮ್ಮ ಅರಿವಿಗೆ ಬಾರದೆ ನಡೆಯುವ ತರ್ಕ ಅಂತ. ಇದೇ ಟೊಳ್ಳು ಮುಖವಾಡವನ್ನು ಜನಪ್ರಿಯ ಮಾಡಿದ ರಿಚರ್ಡ್ ಗ್ರೆಗರಿ ಆ ಮಾತನ್ನು ಮುಂದುವರಿಸಿದರು. ಹುಟ್ಟಿದಾಗಿನಿಂದ ಕೂಡಿಸಿಟ್ಟ ಮುಖಗಳ ಲೆಕ್ಕ ಒಂದು ಕಡೆ, ಇವತ್ತು ಬೆರಳಿಟ್ಟು ತಿಳಿದ ಒಂದು ಸಂಗತಿ ಇನ್ನೊಂದು ಕಡೆ. ಆದರೆ ಬರೀ ತೂಕದ ವ್ಯತ್ಯಾಸ ಅಂತಲೂ ನಾನು ಹೇಳುವುದಿಲ್ಲ. ನೋಟ ಬೇರೆ, ಮಾತಿನ ತಿಳಿವಳಿಕೆ ಬೇರೆ ಕಡೆ ನಡೆಯುತ್ತದೆ ಅನ್ನುವುದೂ ಇದೆ.

ನೋಟದ ಒಳಗೇ ಒಡಕು ಇದೆಯಾ ಅಂತ ನೋಡಿದವರೂ ಇದ್ದಾರೆ. 2006ರಲ್ಲಿ ಗುಡೇಲ್, ಗ್ರೆಗರಿ ಮತ್ತು ಅವರ ಜೊತೆಯವರು ಟೊಳ್ಳು ಮುಖದ ಮೇಲೆ ಒಂದು ಸಣ್ಣ ಗುರುತು ಅಂಟಿಸಿ, ಅದನ್ನು ಬೆರಳಿಂದ ಪಟ್ಟನೆ ಚಿಮ್ಮಲು ಹೇಳಿದರು. ಜನರ ಕಣ್ಣಿಗೆ ಮುಖ ಉಬ್ಬಿತ್ತು, ಬೆರಳು ಮಾತ್ರ ಗುಳಿಯೊಳಗಿನ ನಿಜವಾದ ಜಾಗಕ್ಕೇ ಹೋಯಿತು.

ಪ್ರಮೋದ್_ಕೆ_ವಿ

ಅಲ್ಲೂ ಜಗಳ ಇದೆಯಲ್ಲ ಮೇಡಂ. 2005ರಲ್ಲಿ ಇನ್ನೊಂದು ಗುಂಪು ಕೈ ಚಾಚುವುದನ್ನು ಅಳೆದು, ಕೈಯೂ ಕಣ್ಣಿನ ಹಾಗೇ ಮೋಸ ಹೋಗುತ್ತದೆ ಅಂತ ತೋರಿಸಿತ್ತು. ಕೈಗೆ ಬೇರೆ ನೋಟ, ಕಣ್ಣಿಗೆ ಬೇರೆ ನೋಟ ಅನ್ನುವುದು ಅಷ್ಟು ಸಲೀಸಾಗಿ ಒಪ್ಪುವ ಮಾತಲ್ಲ.

ಹೇಮಾ_ದೃಷ್ಟಿ

ಇದೆ. ವೇಗದ ಚಿಮ್ಮುವಿಕೆ ಮತ್ತು ಕೈ ಚಾಚುವುದು ಒಂದೇ ಥರದ ಕೆಲಸ ಅಲ್ಲ, ಅದರಿಂದ ಫಲಿತಾಂಶ ಬೇರೆ ಬಂದಿರಬಹುದು ಅಂತ ನನ್ನ ಅನಿಸಿಕೆ. ನೀವು ಒಪ್ಪಬೇಕಾಗಿಲ್ಲ.

ಪ್ರಮೋದ್_ಕೆ_ವಿ

ಒಪ್ಪಿಲ್ಲ 🙂 ಚಿಮ್ಮುವಾಗ ಕೈಯೇ ಗುಳಿಯ ಹತ್ತಿರ ಕಾಣಿಸುತ್ತದೆ. ಕೈಗೂ ಗುರುತಿಗೂ ನಡುವಿನ ವ್ಯತ್ಯಾಸ ಎರಡೂ ಕಣ್ಣಿಗೆ ಹೊಸದಾಗಿ ಸಿಗುತ್ತದಲ್ವಾ? ಕೈ ಕಾಣದಂತೆ ಮಾಡಿ ಚಿಮ್ಮಿಸಿದರೆ ಬೆರಳು ಎಲ್ಲಿಗೆ ಹೋಗುತ್ತದೆ ಅನ್ನುವುದು ನನಗೆ ಮುಖ್ಯ. ಗಿರೀಶ್, ಕತ್ತಲೆ ಕೋಣೆ, ಒಳಗೆ ಹೊಳೆಯುವ ಬಣ್ಣದ ಚುಕ್ಕೆಗಳು, ಕೈಗೆ ಕಪ್ಪು ಗವಸು. ಮುಖವಾಡ ಹೇಗೂ ಹಾಳಾಗಿದೆ, ಮಾಡಿ ನೋಡುತ್ತೀರಾ?

ಗಿರೀಶ್_ಬಿ

ಕಪ್ಪು ಗವಸು ಇಲ್ಲ. ಕಪ್ಪು ಕಾಲುಚೀಲ ನಡೆಯುತ್ತದಾ?